ಬೇಸಿನ್ ಮುಂದೆ ಮೊದಲ ಮೂರು ವಾರ

ಗೌರಿಬಿದನೂರು ಕಡೆಯ ಹುಡುಗಿಯೊಬ್ಬಳು ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕಕ್ಕೆ ಹೊಸದಾಗಿ ಸೇರಿದ್ದಾಳೆ ಎಂದುಕೊಳ್ಳೋಣ. ಪಕ್ಕದ ಬೇಸಿನ್ನಿನ ಅಕ್ಕ ಮಾತಾಡುತ್ತಲೇ ನೂಲು ತೆಗೆಯುತ್ತಾಳೆ. ಇವಳ ಎಳೆ ಮಾತ್ರ ಮತ್ತೆ ಮತ್ತೆ ಹರಿಯುತ್ತದೆ. ನಾಲ್ಕೇ ದಿನಕ್ಕೆ ‘ಇದು ನನ್ನ ಕೈಲಾಗದು’ ಅನ್ನಿಸುತ್ತದೆ.

ಕೆಲಸ ಎಷ್ಟು ಬಿರುಸಿನದೆಂದು ಲೆಕ್ಕ ಹಾಕಿ ನೋಡಿ. ಕಾಟೇಜ್ ಬೇಸಿನ್ನಿನಲ್ಲಿ ಆರು ನೂಲು, ಪ್ರತಿ ನೂಲಿಗೆ ಎಂಟು ಗೂಡು ಎಂದರೆ ಒಟ್ಟು 48. ಗೂಡಿನಲ್ಲಿ 700 ಮೀಟರ್ ಎಳೆ ಇದ್ದು, ನಿಮಿಷಕ್ಕೆ 100 ಮೀಟರ್ ಸುತ್ತಿದರೆ ಏಳು ನಿಮಿಷಕ್ಕೆ ಗೂಡು ಖಾಲಿ. ಹಾಗಾಗಿ ಎಲ್ಲವೂ ಸರಿಯಿದ್ದಾಗಲೂ ನಿಮಿಷಕ್ಕೆ ಸುಮಾರು ಏಳು ಸಲ ಹೊಸ ಎಳೆ ಕೂಡಿಸಲೇಬೇಕು.

ಅಕ್ಕನಿಗೆ ಇದು ಸಲೀಸಾಗುವುದು ಕೈ ಚುರುಕಿನಿಂದಷ್ಟೇ ಅಲ್ಲ. ಹೊಸಬಳು ನೂಲನ್ನು ನೋಡುತ್ತಾಳೆ, ಹರಿದ ಮೇಲೆ ಓಡುತ್ತಾಳೆ. ಅಕ್ಕ ನೋಡುವುದು ಗೂಡನ್ನು. ಎಳೆ ಮುಗಿಯುತ್ತ ಬಂದಾಗ ಗೂಡು ತೆಳುವಾಗಿ ಒಳಗಿನ ಹುಳು ಕಾಣತೊಡಗುತ್ತದೆ. ಅದು ಕಂಡೊಡನೆ ಇನ್ನೊಂದು ಎಳೆ ಅವಳ ಬೆರಳಲ್ಲಿ ಸಿದ್ಧ.

ಧೈರ್ಯ ಎಲ್ಲಿಂದ ಬರುತ್ತದೆ

ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ, ‘ನನ್ನಿಂದ ಆಗುತ್ತದೆ’ ಎಂಬ ನಂಬಿಕೆಗೆ ಬಲವಾದ ಆಧಾರ ತಾನೇ ಮಾಡಿ ಗೆದ್ದ ಅನುಭವ ಎಂದು ವಾದಿಸಿದರು. ಬರೀ ಬಾಯಿಮಾತಿನಲ್ಲಿ ಹುರಿದುಂಬಿಸುವುದಕ್ಕೆ ಅಷ್ಟು ಬಲವಿಲ್ಲ. ಹಾಗಾದರೆ ಗೆಲ್ಲಬಹುದಾದಷ್ಟು ಚಿಕ್ಕ ಕೆಲಸ ಬೇಕು. ಮೊದಲ ವಾರ ಬೆಂದ ಗೂಡಿನಿಂದ ಸರಿಯಾದ ಎಳೆ ಹಿಡಿಯುವುದನ್ನಷ್ಟೇ ಕಲಿಯಲಿ. ಎರಡನೆಯ ವಾರ ಮೇಸ್ತ್ರಿಯನ್ನು ಕೇಳಿ ಎರಡೇ ನೂಲು ನೋಡಿಕೊಳ್ಳಲಿ, ಎಂಟು ಗೂಡು ಏಳಕ್ಕಿಳಿಯದಂತೆ. ಆಮೇಲೆ ನಾಲ್ಕು, ಆರು. ಹರಿದ ಎಳೆಗಳನ್ನು ದಿನವೂ ಒಂದೇ ಹೊತ್ತಿನಲ್ಲಿ ಅರ್ಧ ಗಂಟೆ ಎಣಿಸಿ ಬರೆದಿಡಲಿ. ಹೋಲಿಕೆ ನಿನ್ನೆಯ ತನ್ನ ಲೆಕ್ಕದೊಂದಿಗೆ.

ಸಂದೇಹ ಕೇಳಲು ಹತ್ತು ವರ್ಷ ಪಳಗಿದವಳಿಗಿಂತ ಮೂರು ತಿಂಗಳ ಹಿಂದೆ ಸೇರಿದವಳು ಮೇಲು. ಎಲ್ಲಿ ಎಡವಿದೆ, ಹೇಗೆ ಸರಿಮಾಡಿಕೊಂಡೆ ಎಂಬುದು ಅವಳಿಗಿನ್ನೂ ನೆನಪಿರುತ್ತದೆ.

ತಪ್ಪು ಯಾರದು

ಲೆಕ್ಕ ಇಳಿಯದಿದ್ದರೆ ಎಲ್ಲವನ್ನೂ ತನ್ನ ಮೇಲೆ ಹಾಕಿಕೊಳ್ಳಬಾರದು. ಗೂಡು ಸರಿಯಾಗಿ ಬೇಯದಿದ್ದರೆ ಎಳೆ ಬಿಚ್ಚದೆ ಹರಿಯುತ್ತದೆ. ಅತಿಯಾಗಿ ಬೆಂದರೆ ಗಂಟುಗಂಟಾಗಿ ಏಳುತ್ತದೆ. ಅದೇ ಗೂಡಿನಲ್ಲಿ ಅಕ್ಕಪಕ್ಕದವರಿಗೂ ಎಳೆ ಹರಿಯುತ್ತಿದ್ದರೆ ಬೇಯಿಸುವವರಿಗೆ ಹೇಳಬೇಕು. ಇವಳೊಬ್ಬಳಿಗೇ ಆದರೆ ಮತ್ತೆ ಎರಡು ನೂಲಿಗೆ ಇಳಿಯುವುದು ಸರಿ. ಗೂಡು ಕಡಿಮೆಯಾದದ್ದನ್ನು ನಾಚಿಕೆಯಿಂದ ಮುಚ್ಚಿಟ್ಟರೆ ಮಾತ್ರ ಕಷ್ಟ: ತೆಳುವಾದ ನೂಲು ಹಾಗೇ ಸುತ್ತಿಕೊಂಡು, ಪರೀಕ್ಷೆಯಲ್ಲಿ ಇಡೀ ಲಡಿಯ ದರ್ಜೆ ಇಳಿಯುತ್ತದೆ.