ಮೆಶ್ ಸಣ್ಣದು ಮಾಡುವುದೋ, ಡಿಗ್ರಿ ಏರಿಸುವುದೋ?

1991ರ ಆಗಸ್ಟ್ 23ರಂದು ನಾರ್ವೆಯಲ್ಲಿ ಸ್ಲೈಪ್ನರ್ ಎ ಎಂಬ ಕಡಲ ವೇದಿಕೆಯ ಕಾಂಕ್ರೀಟ್ ಬುಡ ಗೋಡೆ ಬಿರಿದು ಮುಳುಗಿಹೋಯಿತು. ಗೋಡೆಗಳು ಕೂಡುವ ಜಾಗದ ಷಿಯರ್ ಒತ್ತಡವನ್ನು ಕಂಪ್ಯೂಟರ್ ಲೆಕ್ಕ ಶೇ. 47ರಷ್ಟು ಕಡಿಮೆ ತೋರಿಸಿತ್ತೆಂದು ತನಿಖೆಯಲ್ಲಿ ಗೊತ್ತಾಯಿತು. ಅಲ್ಲಿ ಕಟ್ಟಿದ ಕಂಬಿಯೂ ಸಾಲದಾಗಿತ್ತು. ಲೆಕ್ಕಕ್ಕೆ ಬಳಸಿದ ಫೈನೈಟ್ ಎಲಿಮೆಂಟ್ ವಿಧಾನದ ಸೂತ್ರಗಳು ಸರಿಯಾಗಿಯೇ ಇದ್ದವು. ಅದಕ್ಕೆ ಕೊಟ್ಟ ಮೆಶ್ ಮಾತ್ರ ಆ ಜಾಗದಲ್ಲಿ ತೀರ ಒರಟಾಗಿತ್ತು.

ಮೆಶ್ ಅಂದರೆ ಏನು, ಅದು ಒರಟಾದರೆ ಎಷ್ಟು ಕೆಡುತ್ತದೆ ಎಂಬುದನ್ನು ಬಟ್ಟೆ ಒಣಹಾಕುವ ಹಗ್ಗದಲ್ಲೇ ನೋಡಬಹುದು. ಎರಡು ಗೂಟಗಳ ನಡುವೆ ಬಿಗಿಯಾಗಿ ಕಟ್ಟಿದ ಹಗ್ಗದ ಮೇಲೆ ಉದ್ದಕ್ಕೂ ಒಂದೇ ಸಮ ಭಾರವಿದೆ ಎನ್ನೋಣ. ಅದು ತೂಗುವ ಆಕಾರ ಪರವಲಯ. ಕಂಪ್ಯೂಟರಿಗೆ ಇದು ಗೊತ್ತಿಲ್ಲ. ಹಗ್ಗವನ್ನು 10 ತುಂಡು ಮಾಡಿ, ಪ್ರತಿ ತುಂಡೂ ನೇರ ಗೆರೆ ಎಂದುಕೊಂಡು ಹುಡುಕು ಎಂದು ನಾವು ಅದಕ್ಕೆ ಹೇಳುತ್ತೇವೆ. ನೇರ ಗೆರೆಗಳಿಂದ ಬಾಗಿದ ಹಗ್ಗ ಎಂದೂ ನಿಖರವಾಗಿ ಸಿಗದು. ಸಿಕ್ಕದ್ದು ಎಷ್ಟು ಹತ್ತಿರ ಬಂದಿದೆ ಎಂಬುದಷ್ಟೇ ಪ್ರಶ್ನೆ.

ಇದಕ್ಕೆ ಫ್ರಾನ್ಸಿನ ಗಣಿತಜ್ಞ ಜಾನ್ ಸೆಆ 1964ರಲ್ಲಿ ಪ್ರಕಟಿಸಿದ ಫಲಿತಾಂಶವೇ ಉತ್ತರ. ಹಗ್ಗ ಕೊನೆಗೆ ನಿಲ್ಲುವುದು ಶಕ್ತಿ ಅತಿ ಕಡಿಮೆ ಇರುವ ಆಕಾರದಲ್ಲಿ. ಕಂಪ್ಯೂಟರ್ ಕೂಡ ತನಗೆ ಕೊಟ್ಟ ಮುರುಕು ಗೆರೆಗಳಲ್ಲೇ ಶಕ್ತಿ ಅತಿ ಕಡಿಮೆ ಇರುವುದನ್ನು ಆರಿಸುತ್ತದೆ. ನಿಜದ ಹಗ್ಗಕ್ಕಿಂತ ಅದರ ಶಕ್ತಿ ಎಷ್ಟು ಹೆಚ್ಚಿದೆಯೋ ಅದೇ ದೋಷದ ವರ್ಗದ ಅಳತೆ. ಹಾಗಾಗಿ ಶಕ್ತಿಯ ಲೆಕ್ಕದಲ್ಲಿ, ಅಂದರೆ ಇಳಿಜಾರಿನ ದೋಷ ಅಳೆದರೆ, ಆರಿಸಿದ ಗೆರೆಗಿಂತ ಉತ್ತಮವಾದದ್ದು ಆ ಗುಂಪಿನಲ್ಲಿ ಇನ್ನೊಂದಿಲ್ಲ. ಹಾಗಾದರೆ ಉಳಿಯುವ ಪ್ರಶ್ನೆ ಒಂದೇ: ಗುಂಪಿನಲ್ಲಿ ಅತ್ಯುತ್ತಮವಾದದ್ದೇ ಎಷ್ಟು ಚೆನ್ನಾಗಿದೆ? ಇದನ್ನು ಕಂಡುಕೊಳ್ಳಲು ಸಮೀಕರಣ ಬಿಡಿಸಬೇಕಾಗಿಲ್ಲ. ಬಾಗಿದ ಗೆರೆಯನ್ನು ನೇರ ತುಂಡುಗಳಿಂದ ಎಷ್ಟು ಹತ್ತಿರ ಮುಚ್ಚಬಹುದು ಎಂದು ನೋಡಿದರೆ ಸಾಕು.

ನಮ್ಮ ಹಗ್ಗದಲ್ಲಿ ಈ ಲೆಕ್ಕ ಅಚ್ಚುಕಟ್ಟಾಗಿ ಬರುತ್ತದೆ. 10 ತುಂಡಿಗೆ ಇಳಿಜಾರಿನ ದೋಷ ಶೇ. 10, 20ಕ್ಕೆ ಶೇ. 5, 100ಕ್ಕೆ ಶೇ. 1. ಹಗ್ಗ ಎಷ್ಟು ಜೋತುಬಿದ್ದಿದೆ ಎಂಬುದು ಇಷ್ಟು ಕಷ್ಟ ಕೊಡುವುದಿಲ್ಲ. 10 ತುಂಡಿಗೇ ಆ ದೋಷ ಶೇ. 1ಕ್ಕೆ ಇಳಿದಿರುತ್ತದೆ. ಆದರೆ ಎಂಜಿನಿಯರಿಗೆ ಬೇಕಾದ ಒತ್ತಡ ಹುಟ್ಟುವುದು ಇಳಿಜಾರಿನಿಂದ. ಪರದೆಯ ಮೇಲೆ ಆಕಾರ ನುಣುಪಾಗಿ ಕಂಡಿತೆಂದು ಒತ್ತಡದ ಅಂಕಿಯನ್ನೂ ನಂಬಿದರೆ ಮೋಸಹೋಗುವುದು ಇಲ್ಲೇ.

ಈಗ ತುಂಡು ಹೆಚ್ಚಿಸುವುದನ್ನು ಬಿಟ್ಟು, ನೇರ ಗೆರೆಯ ಬದಲು ಎರಡನೇ ಡಿಗ್ರಿಯ ಬಹುಪದೋಕ್ತಿಗೆ ಅವಕಾಶ ಕೊಡಿ. ಇಡೀ ಹಗ್ಗಕ್ಕೆ ಒಂದೇ ತುಂಡು ಸಾಕು, ದೋಷ ಸೊನ್ನೆ. 100 ತುಂಡುಗಳಿಂದ ಆಗದ್ದು ಒಂದರಿಂದ ಆಯಿತು! ಪರವಲಯವೇ ಎರಡನೇ ಡಿಗ್ರಿಯದಾದ್ದರಿಂದ ಇದು ಕೊಂಚ ಕೈಚಳಕದ ಉದಾಹರಣೆ, ನಿಜ. ಆದರೂ ಉತ್ತರ ನುಣುಪಾಗಿರುವ ಕಡೆಯಲ್ಲೆಲ್ಲ ಡಿಗ್ರಿ ಏರಿಸುವುದೇ ಲಾಭ. ಅಲ್ಲಿ ತುಂಡನ್ನು ಅರ್ಧ ಮಾಡಿದಾಗ ಮೊದಲ ಡಿಗ್ರಿಯಲ್ಲಿ ದೋಷವೂ ಅರ್ಧವಾದರೆ, ಮೂರನೆಯದರಲ್ಲಿ ಎಂಟನೇ ಒಂದಾಗುತ್ತದೆ.

ಹಾಗಾದರೆ ಎಲ್ಲ ಕಡೆ ಡಿಗ್ರಿಯನ್ನೇ ಏಕೆ ಏರಿಸಬಾರದು? ಕಿಟಕಿಯ ಮೂಲೆಯಿಂದ ಗಾರೆ ಓರೆಯಾಗಿ ಬಿರಿದಿರುವುದನ್ನು ನೋಡಿರುತ್ತೀರಿ. ಒಳಕ್ಕೆ ಚಾಚಿದ ಅಂಥ ಮೂಲೆಯಲ್ಲಿ ಉತ್ತರ ನುಣುಪಾಗಿರುವುದಿಲ್ಲ. ಎಲ್ ಆಕಾರದ ಚೌಕಟ್ಟಿಗೆ ಬಿಗಿದ ಪೊರೆಯನ್ನು ತೆಗೆದುಕೊಂಡರೆ, ಮೂಲೆಯ ಹತ್ತಿರ ಅದರ ಆಕಾರ ದೂರದ 2/3ನೇ ಘಾತದಂತೆ ಏರುತ್ತದೆ, ಇಳಿಜಾರು ಅನಂತವಾಗುತ್ತದೆ. ಎಲ್ಲ ಕಡೆ ಒಂದೇ ಸಮ ಮೆಶ್ ಸಣ್ಣದು ಮಾಡುತ್ತ ಹೋದರೆ ದೋಷ ಅರ್ಧವಾಗಲು ಅಜ್ಞಾತಗಳು ಎಂಟರಷ್ಟಾಗಬೇಕು. ಎರಡನೇ ಡಿಗ್ರಿಯಿರಲಿ, ಐದನೆಯದಿರಲಿ, ಈ ವೇಗ ಬದಲಾಗದು. ಮೆಶ್ ಹಾಗೇ ಇಟ್ಟು ಡಿಗ್ರಿಯನ್ನೇ ಏರಿಸುತ್ತ ಹೋದರೆ ಅದೇ ಕೆಲಸಕ್ಕೆ ಸುಮಾರು ಮೂರರಷ್ಟು ಸಾಕು ಎಂದು ಬಾಬುಷ್ಕ, ಸಾಬೊ ಮತ್ತು ಕಾಟ್ಸ್ 1981ರಲ್ಲಿ ತೋರಿಸಿದರು. ಅದಕ್ಕಿಂತ ಚೆನ್ನಾದ ದಾರಿ ಎರಡನ್ನೂ ಜಾಗ ನೋಡಿ ಬಳಸುವುದು: ಮೂಲೆಯತ್ತ ಹೋದಂತೆ ತುಂಡುಗಳು ಪುಟ್ಟದಾಗುತ್ತ ಡಿಗ್ರಿ ಕಡಿಮೆಯಾಗಲಿ, ದೂರದಲ್ಲಿ ತುಂಡು ದೊಡ್ಡದು, ಡಿಗ್ರಿ ಹೆಚ್ಚು. ಆಗ ದೋಷ ಘಾತೀಯವಾಗಿ ಕುಸಿಯುತ್ತದೆ.

ಒಂದು ಎಚ್ಚರಿಕೆ ಹೇಳಬೇಕು. ಶಕ್ತಿಯ ಅಳತೆ ಬಿಟ್ಟು ಬೇರೆ ಅಳತೆಯಲ್ಲಿ ನೋಡಿದಾಗ ಸೆಆ ಕೊಡುವ ಭರವಸೆಗೆ ಒಂದು ಗುಣಕ ಅಂಟಿಕೊಂಡಿರುತ್ತದೆ: ಅತ್ಯುತ್ತಮದ ಇಷ್ಟು ಪಟ್ಟಿಗಿಂತ ದೋಷ ಹೆಚ್ಚಿರದು ಎಂದಷ್ಟೇ ಅದು ಹೇಳುತ್ತದೆ. ರಬ್ಬರಿನಂತೆ ಒತ್ತಿದರೂ ಗಾತ್ರ ಕುಗ್ಗದ ವಸ್ತುವಿನಲ್ಲಿ ಪ್ವಾಸೋನ್ ಅನುಪಾತ 0.5ರ ಸಮೀಪಕ್ಕೆ ಬಂದಂತೆ ಈ ಗುಣಕ ಮಿತಿಯಿಲ್ಲದೆ ಬೆಳೆಯುತ್ತದೆ, ಭರವಸೆ ಹೆಸರಿಗಷ್ಟೇ ಉಳಿಯುತ್ತದೆ. ಮೊದಲ ಡಿಗ್ರಿಯ ತ್ರಿಕೋನಗಳು ಆಗ ಸೆಟೆದುಕೊಂಡು, ಬಾಗಬೇಕಾದದ್ದು ಬಾಗುವುದೇ ಇಲ್ಲ. ಪತ್ತೆಮಾಡುವುದು ಕಷ್ಟವಲ್ಲ. ಅದೇ ಮೆಶ್‌ನಲ್ಲಿ 0.49, 0.499, 0.4999 ಇಟ್ಟು ಲೆಕ್ಕ ಹಾಕಬೇಕು. ಬಾಗುವಿಕೆ ಒಂದು ಬೆಲೆಯಲ್ಲಿ ನಿಲ್ಲದೆ ಪ್ರತಿ ಸಲವೂ ಕುಗ್ಗುತ್ತ ಹೋದರೆ ಆ ಮೆಶ್‌ನ ಅಂಕಿಗಳನ್ನು ಬಿಟ್ಟು, ನಾಲ್ಕನೇ ಡಿಗ್ರಿಗೆ ಏರಿಸಿ ಮತ್ತೆ ಲೆಕ್ಕ ಹಾಕಬೇಕು.