ಅದು ಗಂಟೂ ಅಲ್ಲ, ಗಡ್ಡೆಯೂ ಅಲ್ಲ

ಆಗ ನನಗೆ ಇಪ್ಪತ್ತನಾಲ್ಕು. ಕೆಲಸಕ್ಕೆ ಸೇರಿ ಎರಡನೇ ವರ್ಷ. ಲ್ಯಾಪ್‌ಟಾಪ್ ಚಾರ್ಜರ್ ಬೇಕಾದರೆ ಮರೀತಿದ್ದೆ, ಬ್ಯಾಗಿನಲ್ಲಿ ಪ್ಲಕ್ಕರ್ ಇಡೋದನ್ನು ಮಾತ್ರ ಮರೀತಿರಲಿಲ್ಲ. ಮಧ್ಯಾಹ್ನ ಊಟ ಆದ ಮೇಲೆ ಆಫೀಸಿನ ವಾಷ್‌ರೂಮಿನ ಕನ್ನಡಿ ಮುಂದೆ ನಿಂತು, ಗದ್ದದ ಕೆಳಗೆ ಬೆರಳಾಡಿಸಿ, ಚುಚ್ಚುವ ಕೂದಲನ್ನು ಹುಡುಕಿ ಕೀಳುತ್ತಿದ್ದೆ. ಕಿತ್ತ ಜಾಗದ ಪಕ್ಕದಲ್ಲೇ ಮೊಡವೆ. ಕಾಲೇಜು ಮುಗಿದ ಮೇಲೆ ಹೋಗುತ್ತೆ ಅಂತ ಎಲ್ಲರೂ ಹೇಳಿದ್ದ ಮೊಡವೆ ಕೆನ್ನೆ ಬಿಟ್ಟು ದವಡೆಯ ಸಾಲಿಗೆ ಇಳಿದಿತ್ತು, ಅಷ್ಟೇ.

ಮುಟ್ಟು ತಪ್ಪುತ್ತಿದ್ದುದು ನನಗೆ ಸಮಸ್ಯೆ ಅನ್ನಿಸಿರಲಿಲ್ಲ. ನಿಜ ಹೇಳಬೇಕೆಂದರೆ, ಆರಾಮೇ ಅನ್ನಿಸಿತ್ತು. ನಾಲ್ಕು ತಿಂಗಳು ಕಳೆದಾಗ ಅಮ್ಮನಿಗೆ ಗೊತ್ತಾಗಿ, ಮನೆ ಹತ್ತಿರದ ಕ್ಲಿನಿಕ್‌ಗೆ ಕರ್ಕೊಂಡು ಹೋದರು. ಅಲ್ಲಿ ಸ್ಕ್ಯಾನ್ ಮಾಡಿಸಿದರು. ರಿಪೋರ್ಟಿನಲ್ಲಿ 'ಪಾಲಿಸಿಸ್ಟಿಕ್' ಅಂತಿತ್ತು. "ಓವರಿಯಲ್ಲಿ ಸಿಸ್ಟ್ ಇದೆ, ತೂಕ ಇಳಿಸಮ್ಮ, ಮದುವೆ ಆದ್ರೆ ಎಲ್ಲ ಸರಿಹೋಗುತ್ತೆ" ಅಂದು, ಮುಟ್ಟು ಬರೋ ಮಾತ್ರೆ ಐದು ದಿನಕ್ಕೆ ಬರೆದುಕೊಟ್ಟರು. ಮುಗಿಸಿದ ನಾಲ್ಕನೇ ದಿನ ಮುಟ್ಟಾಯಿತು. ವಾಸಿಯಾಯ್ತು ಅಂದುಕೊಂಡೆವು. ದೊಡ್ಡಮ್ಮ ಮಾತ್ರ "ಹೊಟ್ಟೇಲಿ ಗಡ್ಡೆ ಇದೆಯಂತೆ" ಅಂತ ಊರಿಗೆಲ್ಲ ಸುದ್ದಿ ಮುಟ್ಟಿಸಿದ್ದರು.

ಮುಂದಿನ ವರ್ಷ ಮತ್ತದೇ ಕಥೆ. ಈ ಸಲ ಬೇರೆ ಸ್ತ್ರೀರೋಗ ತಜ್ಞೆಯ ಹತ್ತಿರ ಒಬ್ಬಳೇ ಹೋದೆ. ಅವರು ಸ್ಕ್ಯಾನ್ ರಿಪೋರ್ಟನ್ನು ಪಕ್ಕಕ್ಕಿಟ್ಟು, "ತಾರೀಖು ಹೇಳಿ" ಅಂದರು. ನನ್ನ ಫೋನಿನಲ್ಲಿತ್ತು: ಜನವರಿ 6, ಮಾರ್ಚ್ 2, ಏಪ್ರಿಲ್ 29, ಆಮೇಲೆ ಸೀದಾ ಸೆಪ್ಟೆಂಬರ್ 10. ಅವರು ಪೆನ್ನಿನಲ್ಲಿ ಅಂತರ ಬರೆದರು: 55 ದಿನ, 58 ದಿನ, 134 ದಿನ. ದೊಡ್ಡವಳಾಗಿ ಮೂರು ವರ್ಷ ದಾಟಿದ ಹುಡುಗಿಗೆ ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನದರ ಮೊದಲ ದಿನಕ್ಕೆ 21ರಿಂದ 35 ದಿನ ಇರಬೇಕಂತೆ. ವರ್ಷಕ್ಕೆ ಎಂಟಕ್ಕಿಂತ ಕಡಿಮೆ ಮುಟ್ಟಾದರೆ ಅದು ಏರುಪೇರು.

ನಾನು ಗಡ್ಡೆಯ ವಿಷಯ ಕೇಳಿದೆ. ಅವರು ನಕ್ಕು ಒಂದು ಚಿತ್ರ ಬರೆದರು. ಪ್ರತಿ ತಿಂಗಳು ಅಂಡಾಶಯದಲ್ಲಿ ಹಲವು ಸಣ್ಣ ಚೀಲಗಳು ಬೆಳೆಯೋಕೆ ಶುರುಮಾಡುತ್ತವೆ, ಪ್ರತಿಯೊಂದರಲ್ಲೂ ಒಂದು ಅಂಡ. ಅವುಗಳಲ್ಲಿ ಒಂದು ಮಾತ್ರ ಸುಮಾರು 20 ಮಿಲಿಮೀಟರ್‌ವರೆಗೆ ಬೆಳೆದು ಒಡೆದು ಅಂಡ ಹೊರಬರುತ್ತದೆ. ಪಿಸಿಓಎಸ್‌ನಲ್ಲಿ ಯಾವುದೂ ಅಷ್ಟು ಬೆಳೆಯದೆ ಎಲ್ಲವೂ ನಡುವೆಯೇ ನಿಂತುಬಿಡುತ್ತವೆ. ಸ್ಕ್ಯಾನಿನಲ್ಲಿ ಮುತ್ತಿನ ಸರದ ಹಾಗೆ ಕಾಣೋದು ಈ ಅರ್ಧ ಬೆಳೆದ ಚೀಲಗಳೇ. ಅದು ಗಂಟಲ್ಲ, ಗಡ್ಡೆಯಲ್ಲ, ಆಪರೇಷನ್ ಮಾಡಿ ತೆಗೆಯುವಂಥದ್ದೂ ಅಲ್ಲ.

ಅಂಡ ಹೊರಬರದಿದ್ದರೆ ಏನಾಗುತ್ತೆ ಅನ್ನೋದನ್ನು ಮೊದಲ ಕ್ಲಿನಿಕ್‌ನಲ್ಲಿ ಯಾರೂ ಹೇಳಿರಲಿಲ್ಲ. ಚೀಲ ಒಡೆದ ಮೇಲೆ ಅದರಿಂದ ಪ್ರೊಜೆಸ್ಟರಾನ್ ಬರುತ್ತದೆ. ಆಮೇಲೆ ಅದು ಇಳಿದಾಗಲೇ ಗರ್ಭಕೋಶದ ಒಳಪದರ ಕಳಚಿ ಮುಟ್ಟಾಗೋದು. ಚೀಲ ಒಡೆಯದಿದ್ದರೆ ಪ್ರೊಜೆಸ್ಟರಾನ್ ಇಲ್ಲ, ಈಸ್ಟ್ರೊಜೆನ್ ಮಾತ್ರ ಒಳಪದರವನ್ನು ದಪ್ಪ ಮಾಡುತ್ತಾ ಹೋಗುತ್ತದೆ. ಇದು ವರ್ಷಗಟ್ಟಲೆ ಹೀಗೇ ಬಿಟ್ಟರೆ ಆ ಪದರದ ಜೀವಕೋಶಗಳು ಹದ ತಪ್ಪುವ, ಮುಂದೆ ಕ್ಯಾನ್ಸರ್‌ಗೂ ತಿರುಗುವ ಸಾಧ್ಯತೆ ಹೆಚ್ಚುತ್ತದೆ. ಹಾಗಾಗಿ 90 ದಿನಕ್ಕಿಂತ ಹೆಚ್ಚು ಮುಟ್ಟಿಲ್ಲದೆ ಇರಲು ಬಿಡಬಾರದು ಅಂತ ಡಾಕ್ಟರು ಹೇಳಿದರು. ನನಗೆ ಐದು ದಿನ ಕೊಟ್ಟಿದ್ದ ಮಾತ್ರೆ ಆ ಪ್ರೊಜೆಸ್ಟರಾನಿನ ಬದಲಿ. ಅದು ಪದರವನ್ನು ಒಂದು ಸಲ ಖಾಲಿ ಮಾಡಿಸುತ್ತೆ, ಅಂಡಾಶಯವನ್ನು ಸರಿಮಾಡಲ್ಲ. ನಾನು ಅದನ್ನೇ ವಾಸಿ ಅಂದುಕೊಂಡಿದ್ದೆ!

ಇನ್ನು ಗದ್ದದ ಕೂದಲು. ಆಂಡ್ರೊಜೆನ್ ಅನ್ನು ಗಂಡಸರ ಹಾರ್ಮೋನು ಅಂತೀವಿ, ಆದರೆ ಹೆಣ್ಣಿನ ಅಂಡಾಶಯವೂ ಸ್ವಲ್ಪ ಮಾಡುತ್ತೆ. ಪಿಸಿಓಎಸ್ ಇರುವ ಬಹಳ ಮಂದಿಗೆ ದೇಹ ಇನ್ಸುಲಿನ್ ಮಾತು ಕೇಳಲ್ಲ, ಅದಕ್ಕೆ ಇನ್ಸುಲಿನ್ ಹೆಚ್ಚೆಚ್ಚು ಉತ್ಪತ್ತಿಯಾಗುತ್ತೆ. ಆ ಹೆಚ್ಚುವರಿ ಇನ್ಸುಲಿನ್ ಅಂಡಾಶಯದಿಂದ ಇನ್ನಷ್ಟು ಆಂಡ್ರೊಜೆನ್ ಮಾಡಿಸುತ್ತದೆ. ಗದ್ದ, ಮೇಲ್ದುಟಿ, ಹೊಕ್ಕುಳ ಕೆಳಗಿನ ಕೂದಲು ಅದಕ್ಕೆ ಸ್ಪಂದಿಸಿ ನವಿರು ಹೋಗಿ ಒರಟಾಗುತ್ತದೆ, ಚರ್ಮದ ಎಣ್ಣೆ ಹೆಚ್ಚಿ ಮೊಡವೆಯಾಗುತ್ತದೆ. ನನ್ನ ಕತ್ತಿನ ಹಿಂದಿನ ಕಪ್ಪನ್ನು ಅಮ್ಮ ಕೊಳೆ ಅಂತ ಕಡಲೆಹಿಟ್ಟು ಹಾಕಿ ಉಜ್ಜುತ್ತಿದ್ದರು. ಅದು ಕೊಳೆಯಲ್ಲ, ಇನ್ಸುಲಿನ್ ಹೆಚ್ಚಿದೆ ಅನ್ನೋದರ ಗುರುತಂತೆ.

ತಜ್ಞೆ ಕೇಳಿದ ಇನ್ನೊಂದು ಪ್ರಶ್ನೆ: "ಮುಖಕ್ಕೆ ಏನು ಕ್ರೀಮ್ ಹಚ್ತೀರಾ?" ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ತಗೊಂಡ, ಬೆಳ್ಳಗಾಗುವ ಟ್ಯೂಬಿನ ಹೆಸರು ಹೇಳಿದೆ. ಅದರಲ್ಲಿ ಸ್ಟೀರಾಯ್ಡ್ ಇತ್ತು. ಅದೂ ಮೊಡವೆ ಮತ್ತು ಮುಖದ ಕೂದಲು ತರಿಸುತ್ತಂತೆ. ಅವತ್ತೇ ಅದಕ್ಕೆ ಕೈಮುಗಿದೆ.

ಆಮೇಲೆ ಪರೀಕ್ಷೆಗಳು. ಮೊದಲು ಗರ್ಭ ಪರೀಕ್ಷೆ. ಅವಿವಾಹಿತೆಯರಿಗೂ ಮಾಡ್ತಾರೆ, ಬೇಜಾರು ಮಾಡಿಕೊಳ್ಳಬೇಡಿ. ನಂತರ ರಕ್ತದಲ್ಲಿ ಥೈರಾಯ್ಡ್, ಪ್ರೊಲ್ಯಾಕ್ಟಿನ್, ಟೆಸ್ಟೊಸ್ಟಿರಾನ್, ಬೆಳಗ್ಗೆಯೇ ತೆಗೆಯುವ 17-ಹೈಡ್ರಾಕ್ಸಿ ಪ್ರೊಜೆಸ್ಟರಾನ್. ಇವುಗಳ ಏರುಪೇರೂ ಇದೇ ಲಕ್ಷಣ ತೋರಿಸಬಹುದಾದ್ದರಿಂದ ಮೊದಲು ಅವನ್ನು ತಳ್ಳಿಹಾಕಬೇಕು. ನನಗೆ ಟೆಸ್ಟೊಸ್ಟಿರಾನ್ ಸ್ವಲ್ಪ ಹೆಚ್ಚು, ಉಳಿದವು ಸರಿ. ಮುಟ್ಟಿನ ಏರುಪೇರು, ಆಂಡ್ರೊಜೆನ್ ಹೆಚ್ಚಳದ ಲಕ್ಷಣ ಅಥವಾ ರಕ್ತದ ಸಾಕ್ಷಿ, ಸ್ಕ್ಯಾನ್ ಚಿತ್ರ: ಈ ಮೂರರಲ್ಲಿ ಎರಡಿದ್ದರೆ ಪಿಸಿಓಎಸ್. ನನಗೆ ಮೊದಲೆರಡೂ ಇದ್ದವು, ಅಂದರೆ ಸ್ಕ್ಯಾನ್ ಇಲ್ಲದೆಯೂ ಗೊತ್ತಾಗುತ್ತಿತ್ತು. ಗ್ಲೂಕೋಸ್ ಕುಡಿದು ಎರಡು ಗಂಟೆಗೆ ನನ್ನ ಸಕ್ಕರೆ 152 ಇತ್ತು. 140ರ ಕೆಳಗಿರಬೇಕಿತ್ತು. ಇಪ್ಪತ್ತೈದಕ್ಕೇ ಮಧುಮೇಹದ ಹೊಸ್ತಿಲು.

ಬಿಪಿ ನೋಡಿ, ಕಣ್ಣು ಮಿಂಚುವ ಮೈಗ್ರೇನ್ ಇದೆಯಾ, ಮನೆಯಲ್ಲಿ ರಕ್ತ ಹೆಪ್ಪುಗಟ್ಟಿದ ಕಥೆ ಇದೆಯಾ ಅಂತ ಕೇಳಿ, ಎರಡೂ ಹಾರ್ಮೋನು ಇರುವ ಗರ್ಭನಿರೋಧಕ ಮಾತ್ರೆ ಬರೆದುಕೊಟ್ಟರು. ಅಮ್ಮನಿಗೆ ಮಾತ್ರೆಯ ಹೆಸರು ಕೇಳಿ ಎದೆ ಧಸಕ್ಕೆಂದಿತು. ಮುಂದೆ ಮಕ್ಕಳಾಗಲ್ವಾ ಅಂತ ಭಯ. ಮಾತ್ರೆ ಬಿಟ್ಟ ಮೇಲೆ ಅದರ ಪರಿಣಾಮ ಉಳಿಯಲ್ಲ ಅಂತ ಡಾಕ್ಟರೇ ಫೋನಿನಲ್ಲಿ ಹೇಳಬೇಕಾಯ್ತು. ಸಕ್ಕರೆಗೆ ಮೆಟ್‌ಫಾರ್ಮಿನ್ ಕೊಟ್ಟರು. ಮೊದಲ ಎರಡು ವಾರ ಹೊಟ್ಟೆ ತೊಳಸಿ ಪ್ರಾಣ ತೆಗೀತು, ಊಟದ ಜೊತೆ ತಗೊಂಡ ಮೇಲೆ ತಗ್ಗಿತು.

ಮೊಡವೆ ಮೂರನೇ ತಿಂಗಳಿಗೆ ಕಡಿಮೆಯಾಯ್ತು. ಗದ್ದದ ಕೂದಲು ಮಾತ್ರ ಹಾಗೇ ಇತ್ತು. ಔಷಧಿ ಕೆಲಸ ಮಾಡ್ತಿಲ್ಲ ಅಂತ ಬಿಡೋಕೇ ಹೊರಟಿದ್ದೆ. ಕೂದಲಿನ ಬೇರು ತಿಂಗಳುಗಟ್ಟಲೆ ಬೆಳೆದು, ಉದುರಿ, ಮತ್ತೆ ಶುರುವಾಗುತ್ತೆ, ಆದ್ದರಿಂದ ಆರು ತಿಂಗಳಾದರೂ ಕಾಯದೆ ತೀರ್ಮಾನ ಮಾಡಬಾರದಂತೆ. ಈಗಾಗಲೇ ಒರಟಾದದ್ದಕ್ಕೆ ಲೇಸರ್ ಬೇಕಾಯ್ತು. ತೂಕ 68ರಿಂದ 64ಕ್ಕೆ ಇಳಿಯಲು ಒಂದು ವರ್ಷ ಹಿಡಿಯಿತು. ಅಷ್ಟೇ ಇಳಿದಿದ್ದಕ್ಕೆ ಸಕ್ಕರೆ 128ಕ್ಕೆ ಬಂತು. ತೂಕ ಸರಿಯಿದ್ದವರಿಗೂ ಪಿಸಿಓಎಸ್ ಬರುತ್ತೆ, ಅವರಿಗೆ 'ಸಣ್ಣಗಾಗು' ಅನ್ನೋ ಮಾತು ಬರೀ ಬೈಗುಳ.

ಮುಖದ ಕೂದಲು ಕೆಲವೇ ತಿಂಗಳಲ್ಲಿ ದಿಢೀರ್ ಹೆಚ್ಚಿ ಧ್ವನಿಯೂ ಗಡಸಾದರೆ ಕಾಯಬೇಡಿ. ಅದು ಪಿಸಿಓಎಸ್‌ನ ರೀತಿಯಲ್ಲ, ಆಂಡ್ರೊಜೆನ್ ಮಾಡುವ ಗೆಡ್ಡೆ ಇದೆಯಾ ಅಂತ ತಕ್ಷಣ ನೋಡಬೇಕು.

ಹೋದ ತಿಂಗಳು ದೊಡ್ಡಮ್ಮ ತಮ್ಮ ಮೊಮ್ಮಗಳ ಸ್ಕ್ಯಾನ್ ರಿಪೋರ್ಟನ್ನು ನನಗೆ ವಾಟ್ಸ್ಯಾಪ್ ಮಾಡಿದರು. ಹುಡುಗಿಗೆ ಹದಿನಾಲ್ಕು, ದೊಡ್ಡವಳಾಗಿ ಎರಡು ವರ್ಷ. "ಇವಳಿಗೂ ನಿನ್ನ ಥರಾನೇ ಗಡ್ಡೆಯಂತೆ ಪುಟ್ಟಿ" ಅಂದರು. ಆ ವಯಸ್ಸಿನಲ್ಲಿ ಮಾಮೂಲಾಗಿಯೇ ಅಂಡಾಶಯ ಹಾಗೆ ಕಾಣುತ್ತೆ, ಅದಕ್ಕೇ ದೊಡ್ಡವಳಾಗಿ ಎಂಟು ವರ್ಷದೊಳಗೆ ಸ್ಕ್ಯಾನ್ ನೋಡಿ ಪಿಸಿಓಎಸ್ ಅಂತ ಹೇಳಲ್ಲ. ಎರಡು ವರ್ಷಕ್ಕೆ 45 ದಿನದವರೆಗಿನ ಅಂತರವೂ ಸರಿಯೇ. "ರಿಪೋರ್ಟ್ ಬಿಡಿ ದೊಡ್ಡಮ್ಮ, ತಾರೀಖು ಕಳಿಸಿ" ಅಂದೆ. ಅವಳ ಅಂತರ 38, 41, 36 ದಿನ. ಮುಖದಲ್ಲಿ ನಾಲ್ಕು ಮೊಡವೆ ಬಿಟ್ಟರೆ ಏನೂ ಇಲ್ಲ. ಈಗ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದೊಡ್ಡಮ್ಮನೇ ಅವಳ ತಾರೀಖಿಗೆ ಕೆಂಪು ಸುತ್ತು ಹಾಕ್ತಿದ್ದಾರೆ.