ಸೆಟ್ಲ್‌ಮೆಂಟ್ ಆದಮೇಲೂ ಉಳಿಯುವ ಸಾಲ

ಧಾರವಾಡದ ಖಾಸಗಿ ಶಾಲೆಯೊಂದರ ಶಿಕ್ಷಕರೊಬ್ಬರು ಇದ್ದಾರೆಂದು ಇಟ್ಟುಕೊಳ್ಳೋಣ. ಕೆಲಸ ಕಳೆದುಕೊಂಡು ಕೆಲವು ತಿಂಗಳು ಕ್ರೆಡಿಟ್ ಕಾರ್ಡಿನ ಬಿಲ್ಲು ಕಟ್ಟಲಾಗಲಿಲ್ಲ. ಬಡ್ಡಿ, ದಂಡ ಸೇರಿ ಬಾಕಿ 60,000 ರೂಪಾಯಿಗೆ ಏರಿತು. ಕೊನೆಗೆ ವಸೂಲಿಯವರು ಫೋನು ಮಾಡಿ, ‘ಸರ್, ಒಂದೇ ಸಲಕ್ಕೆ 35,000 ಕಟ್ಟಿಬಿಡಿ, ಸೆಟ್ಲ್‌ಮೆಂಟ್ ಮಾಡಿ ಮುಗಿಸಿಕೊಡ್ತೀವಿ’ ಎಂದರು. ಶಿಕ್ಷಕರು ಅವರಿವರಲ್ಲಿ ಕೈಸಾಲ ಮಾಡಿ ಕಟ್ಟಿದರು. ಎರಡು ವರ್ಷ ಕಳೆದು, ಹೊಸ ಶಾಲೆಯಲ್ಲಿ 45,000 ಸಂಬಳ ಬರುತ್ತಿರುವಾಗ ಮನೆಸಾಲಕ್ಕೆ ಅರ್ಜಿ ಹಾಕಿದರೆ ಬ್ಯಾಂಕು ಆಗುವುದಿಲ್ಲ ಎಂದಿತು. ‘ಸಿಬಿಲ್ ಸರಿಯಿಲ್ಲ’ ಎಂಬುದಷ್ಟೇ ಉತ್ತರ.

ನಾವು ಸಿಬಿಲ್ ಎಂದು ಕರೆಯುವ ಅಂಕ 300ರಿಂದ 900ರವರೆಗೆ ಇರುತ್ತದೆ. ಸಿಬಿಲ್ ಒಂದೇ ಅಲ್ಲ, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಎಂಬ ಇನ್ನೂ ಮೂರು ಕಂಪನಿಗಳು ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದು ಇದೇ ಕೆಲಸ ಮಾಡುತ್ತವೆ. ಈ ಅಂಕ ನಮ್ಮ ಶ್ರೀಮಂತಿಕೆಯನ್ನು ಅಳೆಯುವುದಿಲ್ಲ. ಹೊಲ, ಚಿನ್ನ, ಠೇವಣಿ, ಸಂಬಳ ಯಾವುದೂ ಅದರ ಲೆಕ್ಕಕ್ಕೆ ಬರುವುದಿಲ್ಲ. ಹಿಂದಿನ ಸಾಲಗಳನ್ನು ಹೇಗೆ ತೀರಿಸಿದಿರಿ ಎಂಬುದನ್ನು ನೋಡಿ, ಮುಂದೆ ನೀವು ಕಂತು ತಪ್ಪಿಸುವ ಸಂಭವ ಎಷ್ಟು ಎಂದು ಹಾಕಿದ ಅಂದಾಜು ಅದು. ಹೀಗಾಗಿ ಜನ್ಮದಲ್ಲಿ ಸಾಲವನ್ನೇ ಮಾಡದವರಿಗೆ ಒಳ್ಳೆಯ ಅಂಕ ಇರುವುದಿಲ್ಲ, ಅಂಕವೇ ಇರುವುದಿಲ್ಲ.

ಸಾಲ ಮಂಜೂರು ಮಾಡುವ ಅಧಿಕಾರಿ ಅಂಕ ನೋಡಿ ಸುಮ್ಮನಾಗುವುದಿಲ್ಲ, ವರದಿಯ ಒಳಗೆ ಹೋಗುತ್ತಾರೆ. ಅಲ್ಲಿ ಪ್ರತಿಯೊಂದು ಸಾಲದ ಕೆಳಗೂ ತಿಂಗಳ ಲೆಕ್ಕದ ಚೌಕಗಳಿವೆ. ಕಂತು ಸರಿಯಾಗಿ ಬಂದ ತಿಂಗಳಿಗೆ ‘000’ ಎಂದಿರುತ್ತದೆ. ತಡವಾದರೆ ಎಷ್ಟು ದಿನ ಬಾಕಿ ಉಳಿಯಿತೋ ಆ ಸಂಖ್ಯೆ ಬೀಳುತ್ತದೆ. 90 ದಿನ ಮೀರಿದ ಸಾಲವನ್ನು ಬ್ಯಾಂಕುಗಳು ವಸೂಲಾಗದ ಸಾಲದ ಸಾಲಿಗೆ ಸೇರಿಸುವುದರಿಂದ ಆ ಗಡಿಯ ಮೇಲೆ ಎಲ್ಲರ ಕಣ್ಣು. ನಮ್ಮ ಶಿಕ್ಷಕರ ಕಾರ್ಡಿನ ಸಾಲಿನಲ್ಲಿ 30, 60, 90 ಎಂದು ಏರುತ್ತ ಹೋದ ಅಂಕಿಗಳಿದ್ದವು. ಖಾತೆಯ ಸ್ಥಿತಿಯೆಂಬಲ್ಲಿ ‘Settled’ ಎಂದಿತ್ತು.

ಅವರು ಮುಗಿಯಿತೆಂದುಕೊಂಡದ್ದು ಮುಗಿದಿರಲಿಲ್ಲ. ಪೂರ್ತಿ ತೀರಿದ ಖಾತೆಗೆ ‘Closed’ ಎಂದು ಬರುತ್ತದೆ. ಇನ್ನೊಂದು ಮಾತಿನ ಅರ್ಥ, ಸಾಲ ಕೊಟ್ಟವರು 25,000 ರೂಪಾಯಿಯನ್ನು ಕೈಬಿಟ್ಟರು ಎಂದು. ಹೊಸದಾಗಿ ಹತ್ತಿಪ್ಪತ್ತು ಲಕ್ಷ ಕೊಡಬೇಕಾದ ಬ್ಯಾಂಕಿಗೆ ಕಾಣುವುದು ಅಷ್ಟೇ: ಈ ಮನುಷ್ಯ ಹಿಂದೊಮ್ಮೆ ಕಷ್ಟ ಬಂದಾಗ ನಷ್ಟ ಮಾಡಿದ್ದಾರೆ. ಕೆಲಸ ಹೋದದ್ದು, ಕೈಸಾಲ ಮಾಡಿ ಕಟ್ಟಿದ್ದು ವರದಿಯಲ್ಲಿ ಎಲ್ಲೂ ಇಲ್ಲ. ಬಾಕಿಯಲ್ಲಿ ರಿಯಾಯಿತಿ ಕೊಡುವುದಾಗಿ ಫೋನು ಮಾಡುವವರು ಈ ಪರಿಣಾಮವನ್ನು ಅದೇ ಕರೆಯಲ್ಲಿ ಹೇಳದಿರುವುದು ನನ್ನ ದೃಷ್ಟಿಯಲ್ಲಿ ದೊಡ್ಡ ಅನ್ಯಾಯ.

ಸಂಬಳ ಲೆಕ್ಕಕ್ಕೆ ಬರುವುದು ಇದಾದ ಮೇಲೆ. ಈಗಿನ ಕಂತುಗಳೂ ಹೊಸ ಕಂತೂ ಸೇರಿ ಕೈಗೆ ಬರುವ ಸಂಬಳದ ಅರ್ಧದಷ್ಟನ್ನು ದಾಟದಂತೆ ಬ್ಯಾಂಕುಗಳು ಸಾಮಾನ್ಯವಾಗಿ ನೋಡುತ್ತವೆ. ಶಿಕ್ಷಕರಿಗೆ ಬೇರೆ ಕಂತು ಇರಲಿಲ್ಲ. ಆದರೆ ಒಂದು ಬ್ಯಾಂಕು ಬೇಡವೆಂದ ಮೇಲೆ ಅವರು ಅದೇ ತಿಂಗಳು ಇನ್ನೂ ನಾಲ್ಕು ಕಡೆ ಅರ್ಜಿ ಹಾಕಿದ್ದರು. ಪ್ರತಿ ಅರ್ಜಿಗೂ ವರದಿಯಲ್ಲಿ ವಿಚಾರಣೆಯೊಂದು ದಾಖಲಾಗುತ್ತದೆ. ಒಟ್ಟಿಗೆ ಹಲವಾರು ಬಿದ್ದರೆ ದುಡ್ಡಿಗೆ ತುಂಬಾ ಪರದಾಡುತ್ತಿದ್ದಾರೆ ಎಂದು ಓದಿಕೊಳ್ಳುತ್ತಾರೆ, ಅಂಕವೂ ತುಸು ಇಳಿಯುತ್ತದೆ. ನಮ್ಮ ವರದಿಯನ್ನು ನಾವೇ ತೆಗೆದು ನೋಡಿದರೆ ಮಾತ್ರ ಅಂಕಕ್ಕೆ ಏನೂ ಆಗುವುದಿಲ್ಲ.

ದಾರಿ ಇದೆ. ಕಾರ್ಡಿನ ಬ್ಯಾಂಕಿಗೆ ಬರೆದು, ಬಿಟ್ಟ 25,000 ಕಟ್ಟಿದರೆ ಖಾತೆಯನ್ನು ಪೂರ್ತಿ ತೀರಿದ್ದೆಂದು ದಾಖಲಿಸುತ್ತೀರಾ ಎಂದು ಮೊದಲೇ ಬರಹದಲ್ಲಿ ಒಪ್ಪಿಗೆ ಪಡೆಯಬೇಕು. ಕಟ್ಟಿದ ಮೇಲೆ ನೋ ಡ್ಯೂಸ್ ಪತ್ರ ಇಸಿದುಕೊಳ್ಳಬೇಕು. ಬದಲಾವಣೆಯನ್ನು ಸಿಬಿಲ್ ತಾನಾಗಿ ಮಾಡುವುದಿಲ್ಲ, ಸಾಲ ಕೊಟ್ಟವರೇ ಮಾಹಿತಿ ಕಳಿಸಬೇಕು. ಆಗಿದೆಯೋ ಇಲ್ಲವೋ ನೋಡಲು ಪ್ರತಿ ಕಂಪನಿಯೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮವಿದೆ. ತಪ್ಪು ಉಳಿದಿದ್ದರೆ ದೂರು ಕೊಡಬಹುದು. 2024ರ ಏಪ್ರಿಲ್‌ನಿಂದ, 30 ದಿನದೊಳಗೆ ಬಗೆಹರಿಸದಿದ್ದರೆ ಆಮೇಲಿನ ಪ್ರತಿ ದಿನಕ್ಕೂ 100 ರೂಪಾಯಿ ಪರಿಹಾರ ಸಿಗಬೇಕು.

ಸ್ಥಿತಿ ಬದಲಾದರೂ ಆ 30, 60, 90ರ ಚೌಕಗಳು ತಕ್ಷಣ ಅಳಿಯುವುದಿಲ್ಲ. ನಡೆದದ್ದು ನಿಜವಾದ್ದರಿಂದ ಅವನ್ನು ತೆಗೆಸಲು ಯಾರಿಗೂ ಆಗದು. ದುಡ್ಡು ಕೊಟ್ಟರೆ ಅಳಿಸಿಕೊಡುತ್ತೇವೆನ್ನುವ ಏಜೆಂಟರ ಮಾತನ್ನು ನಂಬಬಾರದು. ಸಣ್ಣದೊಂದು ಠೇವಣಿ ಇಟ್ಟು, ಅದರ ಮೇಲೆ ಕಾರ್ಡು ಪಡೆದು, ಮಿತಿಯ ಮೂರನೇ ಒಂದು ಪಾಲಿಗಿಂತ ಕಡಿಮೆ ಬಳಸುತ್ತ, ಪ್ರತಿ ಬಿಲ್ಲನ್ನೂ ಗಡುವಿಗೆ ಮೊದಲೇ ಪೂರ್ತಿ ಕಟ್ಟುತ್ತ ಹೋದರೆ ಹಳೆಯ ಚೌಕಗಳ ಮುಂದೆ ಹೊಸ ‘000’ಗಳು ಸೇರುತ್ತ ಬರುತ್ತವೆ. ಒಂದೆರಡು ವರ್ಷ ಇದು ನಡೆದ ಮೇಲೆ, ನೋ ಡ್ಯೂಸ್ ಪತ್ರವನ್ನೂ ಜೊತೆಗಿಟ್ಟು ಒಂದೇ ಬ್ಯಾಂಕಿಗೆ ಅರ್ಜಿ ಹಾಕುವುದು ಮೇಲು.